ಕೊಟೇಶನ್ ಮೇಲ್ ಹೇಗೆ ಬರೆಯಲಿ?

ಪ್ರಶ್ನೆ: ಧಾರವಾಡದಲ್ಲಿ ಮನೆಯಲ್ಲೇ ಚಕ್ಕುಲಿ, ಕೋಡುಬಳೆ, ನಿಪ್ಪಟ್ಟು ಮಾಡಿ ಮಾರುತ್ತೇನೆ. ಒಂದು ಪತ್ತಿನ ಸಹಕಾರ ಸಂಘದವರು ದೀಪಾವಳಿಗೆ 150 ಬಾಕ್ಸ್‌ಗೆ ಮೇಲ್‌ನಲ್ಲಿ ಕೊಟೇಶನ್ ಕೇಳಿದ್ದಾರೆ. ಹೋದ ವರ್ಷ ಇನ್ನೊಂದು ಕಡೆ ‘ಅರ್ಧ ಕೆಜಿಗೆ 180 ರೂಪಾಯಿ, ಬಾಕ್ಸ್ ಮತ್ತು ಸಾಗಣೆ ಬೇರೆ’ ಎಂದು ಕಳಿಸಿದ್ದೆ. ಎರಡು ದಿನಕ್ಕೊಮ್ಮೆ ಫೋನ್ ಮಾಡಿದರೂ ಆರ್ಡರ್ ಬರಲಿಲ್ಲ. ಈ ಸಲ ಅವರಿಗೆ ಒಪ್ಪಿಗೆ ಆಗುವಂತೆಯೂ ಇರಬೇಕು, ಬೆನ್ನು ಬಿದ್ದಂತೆ ಆಗಲೂಬಾರದು. ಹೇಗೆ ಬರೆಯಲಿ?

ಉತ್ತರ: ಮೇಲ್ ಓದುವವರು ಒಬ್ಬರು, ಆರ್ಡರ್‌ಗೆ ಒಪ್ಪಿಗೆ ಕೊಡುವವರು ಬೇರೆಯವರು. ಸಂಘದ ಕಾರ್ಯದರ್ಶಿಯೋ ವ್ಯವಸ್ಥಾಪಕರೋ ಎರಡು ಮೂರು ಕಡೆಯಿಂದ ದರ ತರಿಸಿ, ಒಂದು ಹಾಳೆಯಲ್ಲಿ ಹೋಲಿಕೆ ಪಟ್ಟಿ ಮಾಡಿ ಆಡಳಿತ ಮಂಡಳಿಯ ಮುಂದಿಡುತ್ತಾರೆ. ನಾನು ಖರೀದಿ ವಿಭಾಗದಲ್ಲಿದ್ದಾಗ ಇಂಥ ಪಟ್ಟಿಗಳನ್ನು ವರ್ಷಗಟ್ಟಲೆ ಮಾಡಿದ್ದೇನೆ. ‘ಬಾಕ್ಸ್, ಸಾಗಣೆ ಬೇರೆ’ ಎಂದು ಬರೆದವರ ಸಾಲಿನಲ್ಲಿ ಒಟ್ಟು ಮೊತ್ತದ ಜಾಗ ಖಾಲಿ ಉಳಿಯುತ್ತಿತ್ತು. ಅದನ್ನು ತುಂಬಲು ಮತ್ತೆ ಫೋನ್ ಮಾಡಬೇಕು. ಸಭೆ ನಾಳೆ ಇದ್ದರೆ ಆ ಕೊಟೇಶನ್ ಬದಿಗೆ ಸರಿಯುತ್ತಿತ್ತು. ಹೋದ ವರ್ಷ ನಿಮ್ಮ ದರ ಹೆಚ್ಚಾಯಿತು ಎಂದೇ ತಿಳಿಯಬೇಡಿ. ಅದು ಪೂರ್ತಿ ದರವೇ ಆಗಿರಲಿಲ್ಲ.

ಹಾಗಾಗಿ ಮೊದಲು ಲೆಕ್ಕ. ನಿಮ್ಮ ತಿಂಡಿ ಕೆಜಿಗೆ 360 ರೂಪಾಯಿ. ಅರ್ಧ ಕೆಜಿಗೆ 180 ಆಯಿತು. ಬಾಕ್ಸ್ ಮತ್ತು ಒಳಗಿನ ಪೊಟ್ಟಣಕ್ಕೆ 38, ಲೇಬಲ್ ಮತ್ತು ಶುಭಾಶಯದ ಚೀಟಿಗೆ 7 ಎಂದುಕೊಳ್ಳೋಣ. ಗಾಡಿ ಬಾಡಿಗೆ 750 ಆದರೆ 150 ಬಾಕ್ಸ್‌ಗೆ ಹಂಚಿದಾಗ ತಲಾ 5. ಒಟ್ಟು 230. ನಿಮ್ಮ ಪ್ಯಾಕಿಂಗ್ ಖರ್ಚು ಬೇರೆ ಇದ್ದರೆ ಅಂಕಿ ಬದಲಿಸಿಕೊಳ್ಳಿ. ಆದರೆ ಮೇಲ್‌ನಲ್ಲಿ ಕಾಣಬೇಕಾದದ್ದು ಅವರ ಕಚೇರಿಗೆ ತಲುಪಿಸಿದ ದರ ಮಾತ್ರ: ಬಾಕ್ಸ್‌ಗೆ 230, ಒಟ್ಟು 34,500.

ಜಿಎಸ್‌ಟಿ ವಿಷಯವನ್ನೂ ಬರೆದೇ ಬಿಡಿ. ಕರ್ನಾಟಕದಲ್ಲಿ ಸರಕು ಮಾರುವವರಿಗೆ ಸಾಮಾನ್ಯವಾಗಿ ವರ್ಷದ ವಹಿವಾಟು 40 ಲಕ್ಷ ದಾಟಿದರೆ ನೋಂದಣಿ ಕಡ್ಡಾಯ. ನೋಂದಣಿ ಇಲ್ಲದವರು ಬಿಲ್‌ನಲ್ಲಿ ತೆರಿಗೆ ವಸೂಲಿ ಮಾಡುವಂತಿಲ್ಲ. ‘ಮೇಲೆ ತೆರಿಗೆ ಬೀಳುತ್ತದೆಯೇ’ ಎಂಬ ಅನುಮಾನ ಸಭೆಯಲ್ಲಿ ಎದ್ದರೆ ಅಲ್ಲಿ ಉತ್ತರಿಸಲು ನೀವು ಇರುವುದಿಲ್ಲ. ಆಹಾರ ಸುರಕ್ಷತೆಯ ಎಫ್‌ಎಸ್‌ಎಸ್‌ಎಐ ನೋಂದಣಿ ಸಂಖ್ಯೆ 14 ಅಂಕಿಯದು. ಅದನ್ನೂ ಕೆಳಗೆ ಕೊಡಿ.

ಮೇಲ್ ಹೀಗಿರಲಿ:

> ವಿಷಯ: ದೀಪಾವಳಿ ತಿಂಡಿ ಬಾಕ್ಸ್ 150ಕ್ಕೆ ಕೊಟೇಶನ್, ತಲುಪಿಸುವುದು ನವೆಂಬರ್ 4
>
> ಮಾನ್ಯ ಕಾರ್ಯದರ್ಶಿಯವರಿಗೆ ನಮಸ್ಕಾರ.
>
> ಸಂಘದ ಸಿಬ್ಬಂದಿ ಮತ್ತು ನಿರ್ದೇಶಕರಿಗೆ ಕೊಡಲು 150 ಬಾಕ್ಸ್ ಬೇಕೆಂದು ತಿಳಿಸಿದ್ದೀರಿ. ಅದರ ದರ ಹೀಗಿದೆ.
>
> ಅರ್ಧ ಕೆಜಿ ಬಾಕ್ಸ್ (ಚಕ್ಕುಲಿ 200 ಗ್ರಾಂ, ಕೋಡುಬಳೆ 150, ನಿಪ್ಪಟ್ಟು 150): 230 ರೂ. 150 ಬಾಕ್ಸ್‌ಗೆ 34,500 ರೂ.
>
> 400 ಗ್ರಾಂ ಬಾಕ್ಸ್ (ಅವೇ ಮೂರು ತಿಂಡಿ): 194 ರೂ. 150 ಬಾಕ್ಸ್‌ಗೆ 29,100 ರೂ.
>
> ಬಾಕ್ಸ್, ಸಂಘದ ಹೆಸರಿನ ಶುಭಾಶಯ ಚೀಟಿ, ನಿಮ್ಮ ಕಚೇರಿಗೆ ಸಾಗಣೆ ಎಲ್ಲವೂ ಇದರಲ್ಲಿ ಸೇರಿದೆ. ನಮ್ಮದು ಜಿಎಸ್‌ಟಿ ನೋಂದಣಿ ಇಲ್ಲದ ಘಟಕ. ಇದರ ಮೇಲೆ ತೆರಿಗೆ ಸೇರುವುದಿಲ್ಲ.
>
> ತಿಂಡಿಯನ್ನು ನವೆಂಬರ್ 1ರಿಂದ 3ರೊಳಗೆ ಕರಿಯುತ್ತೇವೆ. ಕರಿದ ದಿನಾಂಕ ಪ್ರತಿ ಪೊಟ್ಟಣದ ಮೇಲಿರುತ್ತದೆ. ನಿಪ್ಪಟ್ಟಿನಲ್ಲಿ ಶೇಂಗಾ ಇದೆ. ಶೇಂಗಾ ಒಗ್ಗದವರು ಇದ್ದರೆ ಅವರ ಬಾಕ್ಸ್‌ಗೆ ಅಷ್ಟೇ ತೂಕದ ಚಕ್ಕುಲಿ ಹಾಕುತ್ತೇವೆ.
>
> ಆರ್ಡರ್ ಜೊತೆ ಶೇಕಡಾ 40 ಮುಂಗಡ, ಉಳಿದದ್ದು ಬಾಕ್ಸ್ ತಲುಪಿದ ಮೇಲೆ. ಈ ದರ ಅಕ್ಟೋಬರ್ 20ರವರೆಗೆ. ಆಮೇಲೆ ಎಣ್ಣೆಯ ಬೆಲೆ ನೋಡಿ ತಿಳಿಸಬೇಕಾಗುತ್ತದೆ.
>
> ಮಂಡಳಿ ಸಭೆಗೆ ಮುಂಚೆ ಒಂದು ಮಾದರಿ ಬಾಕ್ಸ್ ತಂದುಕೊಡಬಲ್ಲೆ. ಯಾವ ದಿನ ತರಲಿ?
>
> (ಹೆಸರು, ಘಟಕದ ಹೆಸರು, ಫೋನ್, ಎಫ್‌ಎಸ್‌ಎಸ್‌ಎಐ ಸಂಖ್ಯೆ)

ಇದರಲ್ಲಿ ‘ಉತ್ತಮ ಗುಣಮಟ್ಟ’, ‘ಅತ್ಯಂತ ರುಚಿಕರ’ ಎಂಬ ಮಾತು ಒಂದೂ ಇಲ್ಲ. ಪಟ್ಟಿಯಲ್ಲಿರುವ ಮೂವರೂ ಅದನ್ನೇ ಬರೆದಿರುತ್ತಾರೆ, ಹಾಗಾಗಿ ಅದರಿಂದ ಯಾರನ್ನೂ ಆರಿಸಲು ಬರುವುದಿಲ್ಲ. ಕರಿದ ದಿನಾಂಕ ಪೊಟ್ಟಣದ ಮೇಲಿರುತ್ತದೆ ಎಂಬುದು ಹಾಗಲ್ಲ, ಅದನ್ನು ಅವರು ಕಣ್ಣಾರೆ ನೋಡಬಹುದು. ಹಬ್ಬದ ಬಾಕ್ಸ್ ಕೊಳ್ಳುವವರಿಗೆ ಇರುವ ಅಂಜಿಕೆಯೇ ಹಳೇ ಎಣ್ಣೆಯ ಕಮಟು ವಾಸನೆ, ಮೆತ್ತಗಾದ ಚಕ್ಕುಲಿ. ಆ ಅಂಜಿಕೆಗೆ ನೇರ ಉತ್ತರ ಕೊಟ್ಟ ಒಂದು ಸಾಲು ಹತ್ತು ಹೊಗಳಿಕೆಗಿಂತ ಕೆಲಸ ಮಾಡುತ್ತದೆ. ಶೇಂಗಾದ ಸಾಲೂ ಹಾಗೆಯೇ. ಕೇಳುವ ಮೊದಲೇ ಹೇಳಿದವರ ಮೇಲೆ ನಂಬಿಕೆ ಬರುತ್ತದೆ.

400 ಗ್ರಾಂ ಬಾಕ್ಸ್ ಯಾಕೆಂದರೆ, ಮಂಡಳಿ ಒಂದು ಬಾಕ್ಸ್‌ಗೆ 200 ರೂಪಾಯಿ ಎಂದು ಮೊದಲೇ ನಿಗದಿ ಮಾಡಿಕೊಂಡಿರಬಹುದು. ಆಗ 230 ಒಂದೇ ಇದ್ದರೆ ಮಾತು ಅಲ್ಲಿಗೇ ಮುಗಿಯುತ್ತದೆ. ತೂಕ ಇಳಿಸಿದಾಗ ದರವೂ ಇಳಿಯಿತು, ನಿಮ್ಮ ಕೆಜಿ ಬೆಲೆ ಮಾತ್ರ ಹಾಗೇ ಉಳಿಯಿತು. ಮೊದಲ ಮೇಲ್‌ನಲ್ಲೇ ರಿಯಾಯಿತಿ ಕೊಡಬೇಡಿ. ಕೇಳದೆ ಹತ್ತು ರೂಪಾಯಿ ಬಿಟ್ಟವರನ್ನು ಇನ್ನೂ ಹತ್ತು ಬಿಡಿ ಎಂದು ಕೇಳುವುದು ಸಹಜ. ಮೂರು ನಾಲ್ಕು ಬಗೆ ಕೊಡುವುದೂ ಬೇಡ, ಸಭೆಯಲ್ಲಿ ಚರ್ಚೆ ಬೆಳೆದು ನಿರ್ಧಾರ ಮುಂದಕ್ಕೆ ಹೋಗುತ್ತದೆ.

ಅಕ್ಟೋಬರ್ 20ರ ಗಡುವಿನ ಬಗ್ಗೆ ಸ್ವಲ್ಪ ಹೇಳಬೇಕು. ‘ಬೇಗ ಹೇಳಿ, ಆರ್ಡರ್ ತುಂಬುತ್ತಿದೆ’ ಎಂದರೆ ಒತ್ತಾಯ. ನಿಜವಾದ ಕಾರಣವಿರುವ ದಿನಾಂಕ ಒತ್ತಾಯವಲ್ಲ, ಅದು ಅವರಿಗೆ ಬೇಕಾದ ಮಾಹಿತಿ. 150 ಬಾಕ್ಸ್ ಅಂದರೆ 75 ಕೆಜಿ. ಮೂರು ದಿನದಲ್ಲಿ ಮುಗಿಸಲು ದಿನಕ್ಕೆ 25 ಕೆಜಿ ಕರಿಯಬೇಕು. ಅದಕ್ಕೆ ಬೇಕಾದ ಆಳು, ಬಾಣಲೆ, ಚೀಟಿಯ ಮುದ್ರಣ ಎಲ್ಲವನ್ನೂ ನವೆಂಬರ್ 4ರಿಂದ ಹಿಂದಕ್ಕೆ ಎಣಿಸಿ ನಿಮಗೆ ಹೊಂದುವ ದಿನವನ್ನೇ ಬರೆಯಿರಿ. ಬರೆದ ಮೇಲೆ ಅದಕ್ಕೆ ನಿಲ್ಲಿ. 25ರಂದು ಫೋನ್ ಬಂದು ನೀವು ಅದೇ ದರಕ್ಕೆ ಒಪ್ಪಿದರೆ, ಮುಂದಿನ ವರ್ಷ ನಿಮ್ಮ ದಿನಾಂಕವನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಕೊನೆಯ ಸಾಲು ಪ್ರಶ್ನೆಯಾಗಿದೆ, ಗಮನಿಸಿ. ‘ತಮ್ಮ ಆದೇಶದ ನಿರೀಕ್ಷೆಯಲ್ಲಿ’ ಎಂದರೆ ಅವರು ಉತ್ತರಿಸಲು ಮಂಡಳಿಯ ತೀರ್ಮಾನ ಬೇಕು. ‘ಯಾವ ದಿನ ತರಲಿ’ ಎಂದರೆ ಕಾರ್ಯದರ್ಶಿಯವರು ತಾವೇ ಅವತ್ತೇ ಉತ್ತರಿಸಬಹುದು. ಮಾದರಿ ಕೊಡಲು ಹೋದಾಗ ಸಭೆ ಯಾವಾಗ ಎಂಬುದೂ ತಿಳಿಯುತ್ತದೆ. ಆ ದಿನ ಗೊತ್ತಾದ ಮೇಲೆ ನಡುವೆ ಫೋನ್ ಮಾಡುವ ಅಗತ್ಯವೇ ಇಲ್ಲ. ಸಭೆಯ ಮರುದಿನ ಅದೇ ಮೇಲ್‌ಗೆ ಉತ್ತರವಾಗಿ ‘ಸಭೆಯಲ್ಲಿ ನಮ್ಮ ಕೊಟೇಶನ್ ಬಗ್ಗೆ ಏನಾದರೂ ಪ್ರಶ್ನೆ ಬಂತೇ?’ ಎಂದು ಒಮ್ಮೆ ಕೇಳಿ. ಗಡುವಿಗೆ ಎರಡು ದಿನ ಮುಂಚೆ ಇನ್ನೊಮ್ಮೆ ನೆನಪಿಸಿ. ಅಲ್ಲಿಗೆ ನಿಲ್ಲಿಸಿ.

‘ಬೇರೆಯವರು 205ಕ್ಕೆ ಕೊಡುತ್ತಾರೆ’ ಎಂಬ ಮಾತು ಬಂದರೆ ತಕ್ಷಣ ಇಳಿಯಬೇಡಿ. ಅವರ ತೂಕ ಎಷ್ಟು, ಸಾಗಣೆ ಸೇರಿದೆಯೇ ಎಂದು ಸಮಾಧಾನದಿಂದ ಕೇಳಿ. ಎಷ್ಟೋ ಸಲ ಅದು 400 ಗ್ರಾಂ ಬಾಕ್ಸ್ ಆಗಿರುತ್ತದೆ. ಆಗ ನಿಮ್ಮ 194ರ ಸಾಲನ್ನು ತೋರಿಸಿದರೆ ಸಾಕು. ತೂಕವೂ ಸಾಗಣೆಯೂ ನಿಮ್ಮಷ್ಟೇ ಇದ್ದು ನಿಜಕ್ಕೂ 205 ಆಗಿದ್ದರೆ, ನಿಮ್ಮ ಖರ್ಚು ಗಿಟ್ಟುವುದಿಲ್ಲವಾದಲ್ಲಿ ಧನ್ಯವಾದ ಹೇಳಿ ಬಿಟ್ಟುಬಿಡಿ.

ಆರ್ಡರ್ ಬಂದರೆ ಅವತ್ತೇ ಅದೇ ಮೇಲ್‌ನಲ್ಲಿ ಯಾವ ಬಾಕ್ಸ್, ಎಷ್ಟು, ಯಾವ ದಿನ ಎಂದು ಮರಳಿ ಬರೆದು, ಅರ್ಧ ಕೆಜಿಯದಾದರೆ ಮುಂಗಡ 13,800 ಎಂದು ನಮೂದಿಸಿ.