ಎಂಜೈಮ್ ಹೆಸರು ಕೆಟ್ಟ ತಮಿಳು ಸಾರಾಂಶ

ಪ್ರಶ್ನೆ: ಯಂತ್ರ ಅನುವಾದದ ತಮಿಳು ಬಯೋಕೆಮಿಸ್ಟ್ರಿ ಸಾರಾಂಶದಲ್ಲಿ ಎಂಜೈಮ್, ಸಂಯುಕ್ತಗಳ ಹೆಸರು ತಪ್ಪಾಗಿವೆ. ಹೇಗೆ ತಿದ್ದಲಿ?

ಮೊದಲು ಇಂಗ್ಲಿಷ್ ಮೂಲದಿಂದ ಹೆಸರುಗಳನ್ನಷ್ಟೇ ಪಟ್ಟಿ ಮಾಡಿಕೊಂಡು, ತಮಿಳಿನೊಂದಿಗೆ ಹೋಲಿಸಿ. ತಮಿಳು ಸರಾಗವಾಗಿದ್ದರೆ ತಪ್ಪು ಕಣ್ಣಿಗೇ ಬೀಳೋದಿಲ್ಲ.

ನಾನು ತಿದ್ದಿದ ಒಂದು ಸಾರಾಂಶದಲ್ಲಿ ಲ್ಯಾಕ್ಟೇಸ್ ಎಲ್ಲ ಕಡೆ ಲ್ಯಾಕ್ಟೋಸ್ ಆಗಿತ್ತು. ‘ಲ್ಯಾಕ್ಟೋಸ್ ಲ್ಯಾಕ್ಟೋಸನ್ನು ಒಡೆಯುತ್ತದೆ’ ಅಂದ್ರೆ ಸಕ್ಕರೆ ತನ್ನನ್ನೇ ಒಡೆದುಕೊಂಡಂತೆ ಅಲ್ವಾ? ಒಡೆಯುವುದು ಎಂಜೈಮ್, ಒಡೆಸಿಕೊಳ್ಳುವುದು ಸಕ್ಕರೆ. ಕ್ರಿಯಾಪದ ನೋಡಿ ಒಂದೊಂದಾಗಿ ಸರಿಪಡಿಸಿದೆ, ಲ್ಯಾಕ್ಟೇಸ್ ಮೊದಲ ಸಲ ಬಂದಲ್ಲಿ ಆ ಎಂಜೈಮಿನ ವರ್ಗೀಕರಣ ಸಂಖ್ಯೆ EC 3.2.1.108 ಸೇರಿಸಿದೆ. ಸುಮ್ನೆ ಒಟ್ಟಿಗೆ ಬದಲಿಸಿದ್ದರೆ ನಿಜವಾದ ಲ್ಯಾಕ್ಟೋಸೂ ಎಂಜೈಮ್ ಆಗಿಬಿಡುತ್ತಿತ್ತು!

ಅನುವಾದವಾಗಬಾರದ್ದು ಅನುವಾದವಾಗಿದೆಯಾ ಅಂತಲೂ ನೋಡಿ. ‘ಲೀಡ್ ಕಾಂಪೌಂಡ್’ ಅಂದ್ರೆ ಹೊಸ ಔಷಧಕ್ಕೆ ಆರಂಭದ ಅಣು. ಅಲ್ಲಿ ತಮಿಳಿನ ‘ಈಯ’ ಅಂತಿದ್ದರೆ ತಪ್ಪು, ಅದು ಸೀಸ ಎಂಬ ಲೋಹ.