ಮದುವೆಯಾಗಿ ಊರು ಬದಲಾಗುತ್ತಿದೆ, ಕೆಲಸ ಬಿಡಬೇಕೇ?

ಪ್ರಶ್ನೆ: ನನಗೆ 27 ವರ್ಷ. ಒಂದು ಕಂಪನಿಯ ಲೆಕ್ಕಪತ್ರ ವಿಭಾಗದಲ್ಲಿ ನಾಲ್ಕು ವರ್ಷದಿಂದ ಇದ್ದೇನೆ. ಇನ್ನು ಐದು ತಿಂಗಳಿಗೆ ಮದುವೆ, ಅದಾಗಿ ಒಂದು ತಿಂಗಳಿಗೆ ಹುಡುಗ ಇರುವ ಊರಿಗೆ ಹೋಗಬೇಕು. ಅವರಿಗೆ ಮೂರು ನಾಲ್ಕು ವರ್ಷಕ್ಕೊಮ್ಮೆ ವರ್ಗಾವಣೆ ಆಗುತ್ತಿರುತ್ತದೆ. "ಈಗ ಕೆಲಸ ಬಿಡು, ಅಲ್ಲಿಗೆ ಹೋದಮೇಲೆ ನಿಧಾನಕ್ಕೆ ಹುಡುಕಿದರಾಯಿತು, ಮಗುವಾದರೆ ಹೇಗೂ ಬಿಡಲೇಬೇಕಲ್ಲ" ಎನ್ನುತ್ತಾರೆ ಮನೆಯವರು. ನನ್ನ ನೋಟಿಸ್ ಅವಧಿ ಎರಡು ತಿಂಗಳು. ಏನು ಮಾಡಲಿ?

ಉತ್ತರ: ರಾಜೀನಾಮೆ ಕೊಡಬೇಡಿ, ಸದ್ಯಕ್ಕಂತೂ ಬೇಡ. ಕೆಲಸದಲ್ಲಿದ್ದುಕೊಂಡೇ ಇನ್ನೊಂದು ಕೆಲಸ ಕೇಳುವವರಿಗೂ ಬಿಟ್ಟು ಕೂತು ಕೇಳುವವರಿಗೂ ಸಿಗುವ ಉತ್ತರ ಬೇರೆ ಬೇರೆ. ಬಿಟ್ಟವರಿಗೆ "ಯಾಕೆ ಬಿಟ್ಟಿರಿ, ಮತ್ತೆ ಬಿಡುತ್ತೀರಾ" ಎಂಬ ಪ್ರಶ್ನೆ ಮೊದಲು ಬರುತ್ತದೆ. ಸಂಬಳದ ಮಾತಿಗೂ ಬಲ ಇರುವುದಿಲ್ಲ. ಹೊಸ ಊರು, ಹೊಸ ಮನೆ ಹೊಂದಿಸಿಕೊಳ್ಳುವಷ್ಟರಲ್ಲಿ ಆರು ತಿಂಗಳು ಕಳೆದುಹೋಗುತ್ತದೆ. ಆಮೇಲೆ ಆ ಖಾಲಿ ಅವಧಿಯೇ ಹುಡುಕಾಟವನ್ನು ಇನ್ನಷ್ಟು ಕಷ್ಟ ಮಾಡುತ್ತದೆ.

ನಿಮ್ಮ ಕೈಯಲ್ಲಿ ಆರು ತಿಂಗಳಿದೆ. ಹೊರಡುವ ದಿನದಿಂದ ಹಿಂದಕ್ಕೆ ಎಣಿಸಿ. ನೋಟಿಸ್‌ಗೆ ಎರಡು ತಿಂಗಳು ಹೋದರೆ ಉಳಿಯುವುದು ನಾಲ್ಕು. ಕಂಪನಿ ನಿಮ್ಮ ಮನವಿಗೆ ಹೌದು ಅಥವಾ ಇಲ್ಲ ಎನ್ನಲು ಒಂದು ತಿಂಗಳು ಹಿಡಿಯಿತು ಎಂದುಕೊಳ್ಳಿ. ಈ ತಿಂಗಳೇ ಕೇಳಿದರೆ, ಇಲ್ಲ ಎಂದರೂ ಮೂರು ತಿಂಗಳ ಹುಡುಕಾಟಕ್ಕೆ ಜಾಗ ಇರುತ್ತದೆ. ಮದುವೆಯ ಓಡಾಟದ ನಡುವೆ ಕೇಳಿದರೆ ಅದು ಇರುವುದಿಲ್ಲ. ಎಷ್ಟೋ ಜನ ಎಡವುವುದು ಇಲ್ಲಿಯೇ. ಕೇಳಲು ಸಂಕೋಚಪಟ್ಟುಕೊಂಡು ಕೊನೆಯ ತಿಂಗಳವರೆಗೆ ತಳ್ಳುತ್ತಾರೆ, ಆಗ ಕಂಪನಿಗೂ ಬದಲಿ ವ್ಯವಸ್ಥೆ ಮಾಡಲು ಸಮಯ ಉಳಿದಿರುವುದಿಲ್ಲ.

ಕೇಳಬೇಕಾದದ್ದು ಎರಡು: ಆ ಊರಿನಲ್ಲಿ ಕಚೇರಿ ಇದ್ದರೆ ವರ್ಗಾವಣೆ, ಇಲ್ಲದಿದ್ದರೆ ಮನೆಯಿಂದ ಕೆಲಸ. "ಮದುವೆ ಆಗುತ್ತಿದೆ, ಏನಾದರೂ ಅನುಕೂಲ ಮಾಡಿಕೊಡಿ" ಎಂದು ಬಾಯಿಮಾತಿನಲ್ಲಿ ಕೇಳಿದರೆ ಮ್ಯಾನೇಜರ್ ಅದನ್ನು ಉಪಕಾರ ಎಂದುಕೊಳ್ಳುತ್ತಾರೆ. ಅದರ ಬದಲು ಒಂದು ಪುಟದ ಬರಹ ಕೊಡಿ. ಅದಕ್ಕೂ ಮೊದಲು ಎರಡು ವಾರ ನಿಮ್ಮ ಕೆಲಸವನ್ನು ಗಂಟೆಗಳ ಲೆಕ್ಕದಲ್ಲಿ ಬರೆದಿಟ್ಟುಕೊಳ್ಳಿ. ಉದಾಹರಣೆಗೆ ವಾರದ 40 ಗಂಟೆಯಲ್ಲಿ ಬ್ಯಾಂಕ್ ಲೆಕ್ಕ ತಾಳೆ ನೋಡುವುದು, ಬಿಲ್ ನಮೂದಿಸುವುದು, ವರದಿ ಮಾಡುವುದು ಇವೆಲ್ಲ ಸೇರಿ 27 ಗಂಟೆ ಆಗಬಹುದು. ಮೀಟಿಂಗ್, ಫೋನ್ 7 ಗಂಟೆ ಇರಬಹುದು. ಕಾಗದದ ವೋಚರ್, ಸಹಿ, ಫೈಲ್ ಎಂದು ಕಚೇರಿಯಲ್ಲೇ ಆಗಬೇಕಾದದ್ದು 6 ಗಂಟೆ ಉಳಿಯುತ್ತದೆ. ಈಗ ಮಾತಾಡಬೇಕಾದದ್ದು ಈ 6 ಗಂಟೆಯ ಬಗ್ಗೆ ಮಾತ್ರ. ಅದನ್ನು ಯಾವ ಸಹೋದ್ಯೋಗಿ ನೋಡಿಕೊಳ್ಳುತ್ತಾರೆ, ಬದಲಿಗೆ ಅವರ ಯಾವ ಕೆಲಸವನ್ನು ನೀವು ತೆಗೆದುಕೊಳ್ಳುತ್ತೀರಿ, ತಿಂಗಳ ಲೆಕ್ಕ ಮುಗಿಸುವ ದಿನಗಳಲ್ಲಿ ನೀವೇ ಬರುತ್ತೀರಾ, ಇಷ್ಟನ್ನು ಬರೆಯಿರಿ. ಅವರನ್ನು ಮೊದಲೇ ಕೇಳಿ ಒಪ್ಪಿಸಿರಬೇಕು, ಅದು ಮುಖ್ಯ.

ಮೂರು ತಿಂಗಳ ಪ್ರಾಯೋಗಿಕ ಅವಧಿ ಎಂದು ಕೇಳಿ, ಕೊನೆಗೆ ಯಾವುದನ್ನು ನೋಡಿ ತೀರ್ಮಾನ ಎಂಬುದನ್ನೂ ನೀವೇ ಬರೆಯಿರಿ. ತಿಂಗಳ ಲೆಕ್ಕ ಈಗ ಎಷ್ಟನೇ ತಾರೀಖಿಗೆ ಮುಗಿಯುತ್ತದೋ ಅಷ್ಟಕ್ಕೇ ಮುಗಿಯಬೇಕು, ತಾಳೆಯಾಗದೆ ಉಳಿದ ನಮೂದುಗಳು ಹೆಚ್ಚಬಾರದು. ಅಳೆಯುವ ಗೆರೆ ಇಲ್ಲದಿದ್ದರೆ "ಯಾಕೋ ಸರಿಹೋಗುತ್ತಿಲ್ಲ" ಎಂಬ ಒಂದು ಮಾತಿಗೆ ಎಲ್ಲ ಮುಗಿದುಹೋಗುತ್ತದೆ. ಒಪ್ಪಿದ್ದು ಸಂಬಳ, ಕೆಲಸದ ವೇಳೆ ಸಮೇತ ಮೇಲ್‌ನಲ್ಲಿ ಬರಲಿ. ಮ್ಯಾನೇಜರ್ ಬದಲಾದರೆ ಬಾಯಿಮಾತಿನ ಒಪ್ಪಂದವನ್ನು ಹೊಸಬರು ನಡೆಸಿಕೊಡಬೇಕೆಂದಿಲ್ಲ.

ಒಪ್ಪಿಗೆ ಸಿಕ್ಕಿದಮೇಲೂ ಕಣ್ಣಿಡಬೇಕಾದದ್ದಿದೆ. ದೂರದಲ್ಲಿರುವವರ ಕೈಗೆ ಮೆಲ್ಲಗೆ ನಮೂದಿಸುವ ಕೆಲಸವಷ್ಟೇ ಉಳಿದು, ಬಜೆಟ್, ಆಡಿಟರ್ ಜೊತೆಗಿನ ಮಾತುಕತೆಯಂಥ ಮೇಲಿನ ಕೆಲಸ ಕಚೇರಿಯಲ್ಲಿರುವವರಿಗೆ ಹೋಗುತ್ತದೆ. ಮುಂಚೆ ಕರೆಯುತ್ತಿದ್ದ ಮೀಟಿಂಗ್‌ಗೆ ಸತತ ಎರಡು ತಿಂಗಳು ಕರೆ ಬರದಿದ್ದರೆ ಅದೇ ಸೂಚನೆ. ಆಗಲೇ ಒಂದು ನಿರ್ದಿಷ್ಟ ಜವಾಬ್ದಾರಿಯನ್ನು ಹೆಸರಿಟ್ಟು ಕೇಳಿ, ವರ್ಷದ ಕೊನೆಯವರೆಗೆ ಕಾಯಬೇಡಿ.

ಕಂಪನಿಯ ಮಾತಿಗಷ್ಟೇ ನೆಚ್ಚಿಕೊಳ್ಳದೆ ಹೊಸ ಊರಿನಲ್ಲಿ ಹುಡುಕಾಟವನ್ನೂ ಈಗಲೇ ಶುರುಮಾಡಿ. ಬಯೋಡೇಟಾದಲ್ಲಿ ಈಗಿನ ಊರಿನ ವಿಳಾಸ ಮಾತ್ರ ಇದ್ದರೆ ಅಲ್ಲಿನ ಕಂಪನಿಗಳು ಬದಿಗಿಡುವುದೇ ಹೆಚ್ಚು. ಮೇಲಿನ ಸಾಲಿನಲ್ಲೇ "ಇಂಥ ತಿಂಗಳಿನಿಂದ ಇಂಥ ಊರಿನಲ್ಲಿ ವಾಸ" ಎಂದು ಬರೆಯಿರಿ. ಮದುವೆಯ ವಿಷಯ ಅಲ್ಲಿ ಬೇಕಿಲ್ಲ. ನೇಮಕದ ಪತ್ರ ಕೈಗೆ ಬಂದಮೇಲೆಯೇ ನೋಟಿಸ್. ಎರಡೂ ಕಡೆ ಆಗಲಿಲ್ಲ ಎಂದರೆ, ರಾಜೀನಾಮೆಗೆ ಮೊದಲು ವಾಪಸಾಗುವ ತಾರೀಖು ನಮೂದಿಸಿದ ಸಂಬಳರಹಿತ ರಜೆ ಕೇಳಿ ನೋಡಿ. ಅಷ್ಟು ದಿನ ನೀವು ಇನ್ನೂ ಕೆಲಸದಲ್ಲಿರುವವರೇ.

ಮಗುವಿನ ಮಾತಿಗೆ ಬರೋಣ. ಇನ್ನೂ ಬಾರದ ಮಗುವಿಗಾಗಿ ಇವತ್ತೇ ಕೆಲಸ ಬಿಡುವುದರಲ್ಲಿ ಒಂದು ದೊಡ್ಡ ನಷ್ಟವಿದೆ. ಕಂಪನಿಯಲ್ಲಿ ರಜೆ, ವೇಳೆಯ ಹೊಂದಾಣಿಕೆ ಕೇಳುವ ಬಲ ಬರುವುದು ಹಳಬರಾಗಿ, ಒಂದು ಜವಾಬ್ದಾರಿಯ ಸ್ಥಾನಕ್ಕೆ ಏರಿದಮೇಲೆ. ಮುಂದಿನ ಎರಡು ಮೂರು ವರ್ಷ ನೀವು ಗಳಿಸಬೇಕಾದದ್ದು ಆ ಬಲವನ್ನೇ. ಇನ್ನೊಂದು ಲೆಕ್ಕ ಮನೆಗಳಲ್ಲಿ ತಪ್ಪುವುದನ್ನು ಕಾಣುತ್ತೇವೆ. ತಾಯಿಯ ಸಂಬಳ 100 ಎಂದಿಟ್ಟುಕೊಂಡರೆ ಮಗು ನೋಡಿಕೊಳ್ಳುವ ಖರ್ಚು 70, ಉಳಿಯುವ 30ಕ್ಕೆ ಯಾಕೆ ಕಷ್ಟ ಎನ್ನುತ್ತಾರೆ. ಮಗು ಇಬ್ಬರದೂ ಆದಮೇಲೆ ಆ 70ನ್ನು ಇಬ್ಬರ ಸಂಬಳದಿಂದಲೂ ಕಳೆಯಬೇಕು. ಖರ್ಚು ಮಗು ಬೆಳೆದ ಹಾಗೆ ಇಳಿಯುತ್ತದೆ. ಸಂಬಳವೋ, ವರ್ಷಕ್ಕೆ ನೂರಕ್ಕೆ ಎಂಟರಂತೆ ಏರಿದರೂ ಐದು ವರ್ಷಕ್ಕೆ 147 ಆಗುತ್ತದೆ. ಐದು ವರ್ಷ ಬಿಟ್ಟು ಬಂದವರಿಗೆ ಹಳೆಯ 100 ಸಿಗುವುದೂ ಕಷ್ಟ.

ಇನ್ನು ವರ್ಗಾವಣೆ. ನಾಲ್ಕು ವರ್ಷಕ್ಕೊಮ್ಮೆ ಊರು ಬದಲಾಗುವುದು ಖಚಿತವಾದರೆ, ನಿಮ್ಮ ಕೆಲಸ ಎಷ್ಟು ಸುಲಭವಾಗಿ ನಿಮ್ಮ ಜೊತೆ ಬರುತ್ತದೆ ಎಂಬುದು ಸಂಬಳದಷ್ಟೇ ದೊಡ್ಡ ವಿಷಯ. 2023ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಕ್ಲೌಡಿಯಾ ಗೋಲ್ಡಿನ್ ಅಮೆರಿಕದ ಫಾರ್ಮಸಿಸ್ಟ್‌ಗಳ ವೃತ್ತಿಯನ್ನು ಅಧ್ಯಯನ ಮಾಡಿದ್ದರು. ಅಲ್ಲಿ ಗಂಡಸರ ಮತ್ತು ಹೆಂಗಸರ ಸಂಬಳದ ಅಂತರ ಕಡಿಮೆ. ಒಬ್ಬರ ಜಾಗದಲ್ಲಿ ಇನ್ನೊಬ್ಬರು ನಿಂತು ಕೆಲಸ ಮುಂದುವರಿಸಬಹುದಾದದ್ದು ಅದಕ್ಕೆ ಒಂದು ಮುಖ್ಯ ಕಾರಣ, ದಾಖಲೆಗಳೆಲ್ಲ ಕಂಪ್ಯೂಟರಿನಲ್ಲೇ ಇರುತ್ತವೆ. ಒಬ್ಬ ವ್ಯಕ್ತಿಯನ್ನೇ ನಂಬಿದ, ಯಾವಾಗ ಕರೆದರೂ ಬರಬೇಕಾದ ಕೆಲಸಗಳಲ್ಲಿ ಮನೆಯ ಹೊಣೆ ಹೊತ್ತವರು ಹಿಂದೆ ಬೀಳುತ್ತಾರೆ. ನಿಮ್ಮ ವಿಭಾಗದಲ್ಲೂ ಈ ವ್ಯತ್ಯಾಸ ಇದೆ. ಆ ಕಂಪನಿಯಲ್ಲಿ ಮಾತ್ರ ಬಳಸುವ ತಂತ್ರಾಂಶದಲ್ಲಿ ನುರಿತಿದ್ದರೆ ಅದು ಅಲ್ಲೇ ಉಳಿಯುತ್ತದೆ. ತೆರಿಗೆ, ಸಂಬಳ ವಿಲೇವಾರಿ, ಎಲ್ಲೆಡೆ ಬಳಕೆಯಲ್ಲಿರುವ ತಂತ್ರಾಂಶ ಕಲಿತಿದ್ದರೆ ಅದೇ ದೇಶದೊಳಗೆ ಯಾವ ಊರಿಗೂ ಬರುತ್ತದೆ. ದೇಶ ಬದಲಾದರೆ ತೆರಿಗೆಯ ಕಾನೂನು ಹೊಸದಾಗಿ ಕಲಿಯಬೇಕಾಗುತ್ತದೆ, ಸಂಗಾತಿಯ ವೀಸಾದಲ್ಲಿ ಕೆಲಸ ಮಾಡಲು ಅನುಮತಿ ಇದೆಯೇ ಎಂಬುದನ್ನು ಹೊರಡುವ ಮೊದಲೇ ನೋಡಿಕೊಳ್ಳಬೇಕು.

ಹುಡುಗನ ಜೊತೆ ಮದುವೆಗೆ ಮುಂಚೆಯೇ ಮಾತಾಡಿ. "ನಿನ್ನ ಕೆಲಸಕ್ಕೆ ನನ್ನ ಅಡ್ಡಿಯಿಲ್ಲ" ಎಂಬ ಉತ್ತರಕ್ಕೆ ನಿಲ್ಲಿಸಬೇಡಿ. ಮುಂದಿನ ವರ್ಗಾವಣೆಯನ್ನು ಮುಂದೂಡಲು ಅಥವಾ ಊರು ಆರಿಸಿಕೊಳ್ಳಲು ಅವರಿಗೆ ಅವಕಾಶ ಇದೆಯೇ? ಆಗ ನಿಮಗೆ ಬಡ್ತಿ ಬಂದಿದ್ದರೆ ಯಾರು ಯಾರಿಗಾಗಿ ಕಾಯುತ್ತೀರಿ? ಅತ್ತೆ ಮಾವ ಹುಷಾರು ತಪ್ಪಿದ ದಿನ ರಜೆ ಹಾಕುವವರು ಯಾರು, ನಿಮ್ಮ ಅಪ್ಪ ಅಮ್ಮನಿಗೆ ಹಾಗಾದ ದಿನ ಯಾರು? ಈ ಉತ್ತರಗಳು ಸಿಕ್ಕಿದಮೇಲೆ ವರ್ಗಾವಣೆ ಕೇಳಬೇಕೋ ಮನೆಯಿಂದ ಕೆಲಸ ಕೇಳಬೇಕೋ ಎಂಬುದು ತಾನಾಗಿ ಗೊತ್ತಾಗುತ್ತದೆ. ನಾಲ್ಕು ವರ್ಷಕ್ಕೆ ಮತ್ತೆ ಊರು ಬಿಡುವುದು ಖಚಿತವಿದ್ದರೆ, ಆ ಊರಿನ ಕಚೇರಿಗೆ ಕಟ್ಟಿಬೀಳುವ ವರ್ಗಾವಣೆಗಿಂತ ಮನೆಯಿಂದ ಕೆಲಸದ ಲಿಖಿತ ಒಪ್ಪಂದ ಹೆಚ್ಚು ದಿನ ಬಾಳುತ್ತದೆ.