15ನೇ ಮದುವೆ ವಾರ್ಷಿಕೋತ್ಸವದ ಮಾತು

"ನೆಂಟರ ಮುಂದೆ ಕಷ್ಟದ ವರ್ಷಗಳ ಬಗ್ಗೆ ಹೇಗೆ ಹೇಳಲಿ? ಇನ್ಮುಂದೆ ಅವಳ ಮಾತು ಕೇಳ್ತೀನಿ ಅಂತಲೂ ಹೇಳಬೇಕು."

ಎಲ್ಲರಿಗೂ ಮೊದಲೇ ಗೊತ್ತಿರುವ ಒಂದೇ ಕಷ್ಟವನ್ನು ಆರಿಸಿ. ಕೆಲಸ ಹೋಗಿದ್ದನ್ನು ಹೇಳಬಹುದು, ಜಗಳದ ಕಾರಣ ಬೇಡ. ಹಿಂದಿನ ದಿನವೇ ನಿಮ್ಮ ಹೆಂಡತಿಗೆ ಓದಿ ಹೇಳಿ. ಯಾವ ಸಾಲಿಗೆ ಮುಖ ಸಪ್ಪಗಾಯಿತೋ ಅದನ್ನು ತೆಗೆದುಬಿಡಿ. ಉದಾಹರಣೆಗೆ:

"ನನಗೆ ಕೆಲಸ ಇಲ್ಲದಾಗ ಮನೆ ನಡೆಸಿದ್ದು ನೀನು. ನೀನು ಮಾತಾಡೋಕೆ ಬಂದಾಗೆಲ್ಲ ನಾನು ಮೊಬೈಲ್ ನೋಡ್ತಾ ಕೂತಿದ್ದೆ. ಇನ್ಮೇಲೆ ರಾತ್ರಿ ಊಟ ಆದಮೇಲೆ ಮೊಬೈಲ್ ಪಕ್ಕಕ್ಕಿಡ್ತೀನಿ. ನೀನು ಹೇಳಿ ಮುಗಿಸೋವರೆಗೂ ಸಲಹೆ ಕೊಡಲ್ಲ."

ಸುಮ್ನೆ "ಜಾಸ್ತಿ ಕೇಳಿಸಿಕೊಳ್ತೀನಿ" ಅಂದರೆ ನಾಳೆಯಿಂದ ಏನು ಬದಲಾಗುತ್ತದೆ ಅಂತ ಅವರಿಗೆ ತಿಳಿಯುವುದಿಲ್ಲ, ಅಲ್ವಾ? "ಆದರೆ ನೀನೂ..." ಅಂತ ಮಾತ್ರ ಸೇರಿಸಬೇಡಿ. ಅಲ್ಲಿಗೆ ಅದು ದೂರು ಆಗಿಬಿಡುತ್ತದೆ.